ಎಡಗಾಲಿನ ಮೇಲೇ ಇಳಿಯುತ್ತಿದ್ದ ಹುಡುಗಿ: ಒಂದು ಜಂಪ್ ತರಬೇತಿಯ ಪ್ರಕರಣ

ಸೋಮವಾರಪೇಟೆ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿ. ಕೊಡಗು ಅಂದ ಕೂಡಲೇ ಎಲ್ಲರ ಬಾಯಲ್ಲೂ ಹಾಕಿಯ ಮಾತು. ಆದರೆ ತೋಟದ ಲೈನ್ ಮನೆಗಳ ಹತ್ತಿರ, ಶಾಲೆಗಳ ಹಿಂದೆ, ಎರಡು ಕಂಬ ನೆಟ್ಟು ನೆಟ್ ಕಟ್ಟಿದ ಜಾಗಗಳನ್ನು ಲೆಕ್ಕ ಹಾಕಿದರೆ ವಾಲಿಬಾಲ್ ಏನೂ ಕಡಿಮೆ ಇಲ್ಲ. ಇದು ನಮ್ಮ ತಂಡದ ಒಬ್ಬ ಸ್ಮ್ಯಾಷರ್ ಹುಡುಗಿಯ ಪ್ರಕರಣ. ಆಗ ಅವಳು ಏಳನೇ ಕ್ಲಾಸು, ಹನ್ನೆರಡು ತುಂಬಿ ಹದಿಮೂರು ನಡೆಯುತ್ತಿತ್ತು. ಹೆಸರು ಬೇಡ. ಅವಳೂ ಅವಳ ಅಪ್ಪ ಅಮ್ಮನೂ ಬರೆಯಲು ಒಪ್ಪಿದ್ದಾರೆ.

ದೂರು ಬಂದಿದ್ದು ಜುಲೈ ಕೊನೆಯಲ್ಲಿ. "ಮಿಸ್, ಮೆಟ್ಟಿಲು ಇಳಿಯುವಾಗ ಎಡ ಮಂಡಿ ಕೆಳಗೆ ನೋಯ್ತದೆ" ಅಂದಳು. ಮಂಡಿ ಚಿಪ್ಪಿನ ಕೆಳಗೆ ಎರಡು ಬೆರಳಿನಷ್ಟು ದೂರದಲ್ಲಿ, ಮುಂಗಾಲಿನ ಮೂಳೆ ಶುರುವಾಗುವ ಕಡೆ ಸಣ್ಣ ಗಂಟು ಎದ್ದಿತ್ತು. ಒತ್ತಿದರೆ ಕಾಲು ಎಳೆದುಕೊಳ್ಳುತ್ತಿದ್ದಳು. ಪ್ರಾರ್ಥನೆಯಲ್ಲಿ ಮಂಡಿ ಊರಿ ಕೂರುವುದು ಆಗುತ್ತಿರಲಿಲ್ಲ. ಬಿದ್ದಿರಲಿಲ್ಲ, ತಿರುಚಿಕೊಂಡಿರಲಿಲ್ಲ. ಸುಮ್ನೆ ಬಂದ ನೋವು ಅಂತ ಮನೆಯವರು ಎಣ್ಣೆ ತಿಕ್ಕಿ ನೋಡಿದ್ದರು.

ಡಾಕ್ಟರ್ ನೋಡಿ ಆಸ್‌ಗುಡ್-ಶ್ಲಾಟರ್ ಅಂದರು. ಬೆಳೆಯುವ ವಯಸ್ಸಿನ, ಓಡಿ ಹಾರುವ ಮಕ್ಕಳಲ್ಲಿ ಮಾಮೂಲಿಯಾಗಿ ಕಾಣುವ ತೊಂದರೆ ಇದು. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮಂಡಿ ಚಿಪ್ಪನ್ನು ಹಿಡಿದುಕೊಂಡು, ಅಲ್ಲಿಂದ ಒಂದು ಗಟ್ಟಿ ಪಟ್ಟಿಯಾಗಿ ಕೆಳಗಿಳಿದು ಮುಂಗಾಲಿನ ಮೂಳೆಗೆ ಅಂಟಿಕೊಳ್ಳುತ್ತದೆ. ದೊಡ್ಡವರಲ್ಲಿ ಆ ಜಾಗ ಪೂರ್ತಿ ಮೂಳೆ. ಈ ವಯಸ್ಸಿನಲ್ಲಿ ಅದು ಇನ್ನೂ ಎಳೆಯ ಮೃದು ಮೂಳೆ. ಹಾರಲು ಒದೆಯುವಾಗಲೂ ಇಳಿದು ತಡೆಯುವಾಗಲೂ ಆ ಪಟ್ಟಿ ಅದನ್ನೇ ಜಗ್ಗುತ್ತದೆ. ಜಗ್ಗಾಟ ಜಾಸ್ತಿಯಾಗಿ, ಸುಧಾರಿಸಿಕೊಳ್ಳಲು ಸಮಯ ಸಿಗದಿದ್ದರೆ ಅಲ್ಲೇ ಕೆರಳುತ್ತದೆ, ಊದುತ್ತದೆ. ಹುಡುಗಿಯರಿಗೆ ಸಾಮಾನ್ಯವಾಗಿ ಹನ್ನೆರಡರ ಆಸುಪಾಸಿನಲ್ಲಿ, ಹುಡುಗರಿಗೆ ಅದಕ್ಕಿಂತ ಒಂದೆರಡು ವರ್ಷ ತಡವಾಗಿ, ಎತ್ತರ ಸರ್ರನೆ ಏರುವ ಕಾಲದಲ್ಲೇ ಇದು ಬರುವುದು. ಬೆಳವಣಿಗೆ ಮುಗಿದ ಮೇಲೆ ಹೆಚ್ಚಿನವರಿಗೆ ನೋವು ಹೋಗುತ್ತದೆ, ಗಂಟು ಮಾತ್ರ ಉಳಿಯಬಹುದು.

ಪೂರ್ತಿ ಮಲಗಿಸಬೇಕಾಗಿಲ್ಲ, ಹಾರಾಟ ತಗ್ಗಿಸಿ ಎಂದರು ಡಾಕ್ಟರ್. ಎಷ್ಟು ತಗ್ಗಿಸುವುದು? ಅದಕ್ಕೆ ಈಗ ಎಷ್ಟಿದೆ ಅಂತ ಗೊತ್ತಿರಬೇಕಲ್ವಾ?

ಹಾರಾಟದ ಲೆಕ್ಕ

ಒಂದು ಸಂಜೆ ಗಾಯವಾಗಿ ಕೂತಿದ್ದ ಇನ್ನೊಬ್ಬ ಹುಡುಗಿಯ ಕೈಗೆ ನೋಟ್‌ಬುಕ್ ಕೊಟ್ಟು, ಅದೇ ಎತ್ತರದ, ಅದೇ ಜಾಗದಲ್ಲಿ ಆಡುವ ಒಬ್ಬಳು ಎಷ್ಟು ಸಲ ನೆಲ ಬಿಟ್ಟು ಇಳಿಯುತ್ತಾಳೆ ಅಂತ ಗೆರೆ ಹಾಕಲು ಹೇಳಿದೆ. ಸ್ಮ್ಯಾಷ್‌ಗೆ 52, ಬ್ಲಾಕ್‌ಗೆ 31, ಹಾರಿ ಹಾಕುವ ಸರ್ವಿಸ್ 18. ನೂರು ದಾಟಿತು. ಇದಕ್ಕೆ ವಾರ್ಮ್‌ಅಪ್‌ನ ಸ್ಕಿಪ್ಪಿಂಗ್ ಸೇರಿಸಿಲ್ಲ. ನಮ್ಮ ಹುಡುಗಿ ಇಷ್ಟನ್ನು ವಾರಕ್ಕೆ ನಾಲ್ಕು ಸಂಜೆ ಮಾಡುತ್ತಿದ್ದಳು. ಭಾನುವಾರ ತೋಟದ ಗ್ರೌಂಡಿನಲ್ಲಿ ದೊಡ್ಡ ಹುಡುಗರ ಜೊತೆ ಆಟ ಬೇರೆ. ಆ ಹುಡುಗರು ಅವಳಿಗೆ ಒಂದು "ಸ್ಪೆಷಲ್ ಪ್ರಾಕ್ಟೀಸ್" ಹೇಳಿಕೊಟ್ಟಿದ್ದರು. ಸುಮಾರು ಒಂದು ಮೀಟರ್ ಎತ್ತರದ ಕಟ್ಟೆಯಿಂದ ಧುಮುಕುವುದು, ಧುಮುಕಿದ ಕೂಡಲೇ ಮೇಲಕ್ಕೆ ಹಾರುವುದು. ಫೋನಿನಲ್ಲಿ ಯಾವುದೋ ವಿಡಿಯೊದಲ್ಲಿ ನೋಡಿದ್ದಂತೆ.

ಇನ್ನೊಂದು ಸಂಗತಿ ನಮ್ಮ ಊರಿನದ್ದೇ. ಜೂನ್ ಬಂದರೆ ಇಲ್ಲಿ ಗ್ರೌಂಡ್ ಗದ್ದೆಯಾಗುತ್ತದೆ. ಆಟ ಸಿಮೆಂಟಿಗೆ ಬರುತ್ತದೆ. ಒಂದೋ ಶಾಲೆಯ ಜಗಲಿ, ಇಲ್ಲದಿದ್ದರೆ ಖಾಲಿ ಇರುವ ಕಾಫಿ ಕಣ. ಮಣ್ಣಿನ ನೆಲದ ಸಣ್ಣ ಮೆದು ಅಲ್ಲಿಲ್ಲ. ಮೇಲೆ ಪಾಚಿ ಬೇರೆ. ಜಾರುವ ನೆಲದಲ್ಲಿ ಮಕ್ಕಳು ಕಾಲನ್ನು ಬಿಗಿಹಿಡಿದು ಇಳಿಯುತ್ತಾರೆ, ಮಂಡಿ ಮಡಚುವುದೇ ಇಲ್ಲ. ಹಾಗೆ ನೆಟ್ಟಗೆ ಇಳಿದಾಗ ಪೆಟ್ಟು ಹಂಚಿಹೋಗದೆ ಒಂದೇ ಕಡೆ ಬೀಳುತ್ತದೆ.

ಅವಳ ಎತ್ತರವನ್ನು ಶಾಲೆಯ ಆರೋಗ್ಯ ತಪಾಸಣೆಯ ಕಾರ್ಡಿನಲ್ಲಿ ನೋಡಿದೆ. ಹಿಂದಿನ ವರ್ಷ 149 ಸೆಂಟಿಮೀಟರ್ ಇದ್ದವಳು ಈಗ 157. ವರ್ಷಕ್ಕೆ ಎಂಟು ಸೆಂಟಿಮೀಟರ್ ಅಂದರೆ ಹುಡುಗಿಯರಲ್ಲಿ ಬೆಳವಣಿಗೆಯ ಅತಿ ವೇಗದ ಹೊತ್ತು. ಆ ಸಮಯದಲ್ಲಿ ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ಆಮೇಲೆ ಹೊಂದಿಕೊಳ್ಳುತ್ತದೆ. ನಿನ್ನೆ ಮೊನ್ನೆ ಸಲೀಸಾಗಿ ಬರುತ್ತಿದ್ದ ಹೆಜ್ಜೆ ಕೂಡ ತಡವರಿಸುತ್ತದೆ. ಹೊಸ ಹಾರಾಟ ಸೇರಿಸಲು ಇದು ಒಳ್ಳೆ ಕಾಲವಲ್ಲ. ಆದರೆ ಇಳಿಯುವುದನ್ನು ಕಲಿಸಲು ತಡಮಾಡಬಾರದ ಕಾಲ.

ತಾಲೂಕು ಮಟ್ಟದ ಪಂದ್ಯ ಹತ್ತಿರದಲ್ಲೇ ಇತ್ತು. ಅವಳನ್ನು ಲಿಬೆರೊ ಮಾಡಿದೆ. ಲಿಬೆರೊ ಹಿಂದಿನ ಸಾಲಿನಲ್ಲೇ ಆಡುವವಳು. ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಮೇಲಿರುವ ಚೆಂಡನ್ನು ಹೊಡೆದು ಕಳಿಸುವಂತಿಲ್ಲ. ಅಂದರೆ ಹಾರುವ ಕೆಲಸವೇ ಹೆಚ್ಚುಕಡಿಮೆ ಇಲ್ಲ. ಅಪ್ಪನಿಗೆ ಇದು ಹಿಡಿಸಲಿಲ್ಲ. "ಅವಳು ಸ್ಮ್ಯಾಷರ್ ಅಲ್ವಾ ಮೇಡಂ, ಹಿಂದೆ ನಿಲ್ಲಿಸಿದ್ರೆ ಸೆಲೆಕ್ಷನ್‌ನವರು ಯಾರು ನೋಡ್ತಾರೆ?" ಅಂದರು. "ಈ ವರ್ಷ ರಿಸೀವ್ ಕಲಿಯಲಿ, ಮುಂದಿನ ವರ್ಷ ಎರಡನ್ನೂ ನೋಡ್ತಾರೆ" ಅಂದೆ. ಬೇಸರದಲ್ಲೇ ಒಪ್ಪಿದರು.

ನೋವು ಇಳಿಯುವ ತನಕ

ಆಗಸ್ಟ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಜಂಪ್ ಇಲ್ಲ. ಸುಮ್ನೆ ಕೂರಿಸಲೂ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂತು 30 ಸೆಕೆಂಡ್ ಹಿಡಿಯುವುದು. ಪೂರ್ತಿ ಕುರ್ಚಿಯಷ್ಟು ಕೆಳಗೆ ಬೇಡ, ನೋವು ಬರದಷ್ಟು ಮೇಲೆಯೇ. ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು. ಬೆರಳ ಮೇಲೆ ಎದ್ದು ನಿಧಾನಕ್ಕೆ ಹಿಮ್ಮಡಿ ಇಳಿಸುವುದು. ಬೆಂಚಿನ ಮೇಲೆ ಕೂತು ಏಳುವುದು. ಇಷ್ಟೇ, ಒಂದು ದಿನ ಬಿಟ್ಟು ಒಂದು ದಿನ.

ನೋವಿಗೆ ಒಂದು ಅಳತೆ ಇಟ್ಟುಕೊಂಡೆವು. ಸೊನ್ನೆ ಅಂದರೆ ಏನೂ ಇಲ್ಲ, ಹತ್ತು ಅಂದರೆ ತಡೆಯಲಾರದ್ದು. ವ್ಯಾಯಾಮ ಮಾಡುವಾಗ ಮೂರರೊಳಗೆ ಇದ್ದು, ಮರುದಿನ ಬೆಳಿಗ್ಗೆ ಮೊದಲಿನಷ್ಟಕ್ಕೇ ಬಂದಿದ್ದರೆ ಮುಂದುವರಿಸುವುದು. ಬೆಳಿಗ್ಗೆ ಜಾಸ್ತಿ ಇದ್ದರೆ ಹಿಂದಿನ ದಿನ ಮಾಡಿದ್ದು ಹೆಚ್ಚಾಯಿತು ಅಂತ ಅರ್ಥ. ಬೆಳಗಿನ ಆ ಒಂದು ಅಂಕಿ ಸಂಜೆಯ ಹತ್ತು ಪ್ರಶ್ನೆಗಿಂತ ಉಪಯೋಗ. ಯಾಕೆಂದರೆ ಆಟದ ಹುರುಪಿನಲ್ಲಿ ಮಕ್ಕಳು ನೋವಿಲ್ಲ ಅಂತಲೇ ಹೇಳುತ್ತಾರೆ.

ಕೆಲವು ಲಕ್ಷಣ ಕಂಡರೆ ಈ ಅಳತೆಯನ್ನೆಲ್ಲ ಬದಿಗಿಟ್ಟು ಡಾಕ್ಟರ್ ಹತ್ತಿರ ಹೋಗಬೇಕು ಅಂತ ಮನೆಯವರಿಗೂ ಹೇಳಿದ್ದೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಇಡೀ ಮಂಡಿ ಊದುವುದು, ಮಂಡಿ ಸಿಕ್ಕಿಹಾಕಿಕೊಳ್ಳುವುದು, ಕುಂಟು. ಎಲ್ಲಕ್ಕಿಂತ ಮುಖ್ಯವಾದದ್ದು, ಹಾರುವಾಗ ಒಮ್ಮೆಗೇ ಟಕ್ ಅಂದು ಕಾಲು ನೆಟ್ಟಗೆ ಚಾಚಲು ಆಗದಿರುವುದು. ಆ ಎಳೆಯ ಮೂಳೆಯೇ ಕಿತ್ತುಕೊಂಡು ಬಂದಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇಳಿಯುವ ಪಾಠ

ಇಂಥ ಜಂಪ್ ತರಬೇತಿಗೆ ಪ್ಲಯೊಮೆಟ್ರಿಕ್ ಅನ್ನುತ್ತಾರೆ. ಹಾಗಂದರೆ ಏನು ಅಂತ ಒಂದು ಮಾತು ಹೇಳಿಬಿಡುತ್ತೇನೆ. ಹಾರುವ ಮುಂಚೆ ನಾವು ತುಸು ಕುಗ್ಗುತ್ತೇವೆ. ಆಗ ತೊಡೆ, ಮೀನಖಂಡದ ಸ್ನಾಯುಗಳು ಬಿಗಿಯಾಗಿದ್ದುಕೊಂಡೇ ಹಿಗ್ಗುತ್ತವೆ. ಹಿಗ್ಗಿದ ತಕ್ಷಣ ಒದ್ದರೆ ಆ ಹಿಗ್ಗಿನ ಬಲವೂ ಸೇರಿ ಎತ್ತರ ಹೆಚ್ಚುತ್ತದೆ. ನಡುವೆ ತಡಮಾಡಿದರೆ ಆ ಬಲ ವ್ಯರ್ಥ. ಈ "ಕುಗ್ಗು, ಒದೆ" ನಡುವಿನ ಹೊತ್ತನ್ನು ಚಿಕ್ಕದು ಮಾಡುವುದೇ ಈ ತರಬೇತಿಯ ಗುಟ್ಟು. ಆದರೆ ಕುಗ್ಗುವಾಗ ತಡೆಯುವ ಶಕ್ತಿಯೇ ಇಲ್ಲದ ಮಗುವಿಗೆ ಬೇಗ ಒದೆ ಅನ್ನುವುದರಲ್ಲಿ ಅರ್ಥವಿಲ್ಲ. ಅದಕ್ಕೇ ಮೊದಲು ತಡೆಯುವುದು.

ಸೆಪ್ಟೆಂಬರ್ ಕೊನೆಗೆ ಮೆಟ್ಟಿಲು ಇಳಿಯುವಾಗಿನ ನೋವು ಸೊನ್ನೆಗೆ, ಒಮ್ಮೊಮ್ಮೆ ಒಂದಕ್ಕೆ ಬಂದಿತ್ತು. ಆಗ ಶುರು ಮಾಡಿದೆವು. ವಾರಕ್ಕೆ ಎರಡೇ ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು. ಸಂಜೆಯ ಆಟ ಮುಗಿದ ಮೇಲೆ ಮಾಡಿಸಲಿಲ್ಲ. ವಾರ್ಮ್‌ಅಪ್ ಆದ ಕೂಡಲೇ, ಕಾಲು ತಾಜಾ ಇರುವಾಗಲೇ ಮಾಡಿಸಿದೆ. ದಣಿದ ಕಾಲಿಗೆ ಕಲಿಸಿದರೆ ಅದು ದಣಿದ ಇಳಿತವನ್ನೇ ಕಲಿಯುತ್ತದೆ.

ಮೊದಲ ವಾರಗಳಲ್ಲಿ ಹಾರುವುದೇ ಇರಲಿಲ್ಲ. ಕೈ ಮೇಲೆತ್ತಿ ಬೆರಳ ಮೇಲೆ ನಿಲ್ಲುವುದು. ಚಪ್ಪಾಳೆ ಹೊಡೆದಾಗ ಕೈಯನ್ನು ರಭಸದಿಂದ ಕೆಳಗೆ ತಂದು ಅರ್ಧ ಕೂತು, ಮೂರು ಎಣಿಸುವಷ್ಟು ಹೊತ್ತು ಅಲುಗದೆ ನಿಲ್ಲುವುದು. ಇದು ಸರಿಯಾದ ಮೇಲೆ ಸುಮಾರು 15 ಸೆಂಟಿಮೀಟರ್ ಎತ್ತರದ ಜಗಲಿ ಮೆಟ್ಟಿಲಿನಿಂದ ಇಳಿಯುವುದು. ಇಲ್ಲಿ ಒಂದು ಸೂಕ್ಷ್ಮ ಇದೆ. ಮೆಟ್ಟಿಲಿನಿಂದ ಹಾರಬಾರದು, ಒಂದು ಕಾಲು ಮುಂದೆ ಚಾಚಿ ಸುಮ್ನೆ ಬೀಳಬೇಕು. ಹಾರಿದರೆ ಎಷ್ಟು ಎತ್ತರದಿಂದ ಬಿದ್ದಳು ಅನ್ನುವ ಲೆಕ್ಕವೇ ತಪ್ಪುತ್ತದೆ. ಐದು ಸಲ, ಅರ್ಧ ನಿಮಿಷ ಬಿಡುವು, ಮತ್ತೆ ಐದು. ಎಲ್ಲ ಸೇರಿ ದಿನಕ್ಕೆ 30ರಿಂದ 40 ಇಳಿತ. ಹೊಸದಾಗಿ ಕಲಿಯುವ ದೊಡ್ಡವರಿಗೆ ಒಂದು ದಿನಕ್ಕೆ 80ರಿಂದ 100 ಇಳಿತ ಅಂತ ತರಬೇತಿ ಪುಸ್ತಕಗಳಲ್ಲಿ ಇರುತ್ತದೆ. ನೋವಿನಿಂದ ಎದ್ದು ಬರುತ್ತಿರುವ ಹನ್ನೆರಡರ ಹುಡುಗಿಗೆ ಅದರ ಅರ್ಧವೂ ಬೇಡ.

ಎರಡು ಪಾದವೂ ಒಟ್ಟಿಗೆ ನೆಲ ಮುಟ್ಟಬೇಕು. ಮೊದಲು ಪಾದದ ಮುಂಭಾಗ, ಆಮೇಲೆ ಮೆತ್ತಗೆ ಹಿಮ್ಮಡಿ. ಸೊಂಟ ಹಿಂದಕ್ಕೆ ಹೋಗಬೇಕು, ಎದೆ ತುಸು ಮುಂದಕ್ಕೆ ಬಾಗಬೇಕು. ಆಗ ಪೆಟ್ಟನ್ನು ತೊಡೆಯ ಹಿಂಭಾಗ, ಪೃಷ್ಠದ ದೊಡ್ಡ ಸ್ನಾಯುಗಳೂ ಹಂಚಿಕೊಳ್ಳುತ್ತವೆ. ಬೆನ್ನು ನೆಟ್ಟಗಿಟ್ಟು ಮಂಡಿಯೊಂದನ್ನೇ ಮುಂದೆ ತಳ್ಳಿ ಇಳಿದರೆ ಭಾರವೆಲ್ಲ ಆ ನೋಯುವ ಗಂಟಿಗೇ ಹೋಗುತ್ತದೆ. ಮುಂದಿನಿಂದ ನೋಡಿದರೆ ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೆ ಇರಬೇಕು.

ಇವಳ ಎಡ ಮಂಡಿ ಒಳಕ್ಕೆ ಬೀಳುತ್ತಿತ್ತು. ಬರಿಗಣ್ಣಿಗೆ ಅಷ್ಟಾಗಿ ಕಾಣದು. ಫೋನನ್ನು ಇಟ್ಟಿಗೆಗೆ ಒರಗಿಸಿ, ಮಂಡಿಯ ಎತ್ತರದಲ್ಲಿ ಮುಂದಿನಿಂದ ನಿಧಾನ ಚಲನೆಯಲ್ಲಿ ತೆಗೆದಾಗ ಕಂಡಿತು. ನೆಲ ಮುಟ್ಟಿದ ಕ್ಷಣದಲ್ಲಿ ಸರಿ ಇದೆ. ಅದರ ನಂತರ ಕಣ್ಣು ಮಿಟುಕಿಸುವಷ್ಟರಲ್ಲಿ ಎಡ ಮಂಡಿ ಬಲ ಮಂಡಿಯ ಕಡೆ ಕುಸಿದು, ಮತ್ತೆ ಸರಿಯಾಗುತ್ತದೆ. ನಿಂತ ಮೇಲೆ ನೋಡಿದರೆ ಎಲ್ಲ ಸರಿ! ಮಂಡಿಯೊಳಗಿನ ಅಡ್ಡ ಹುರಿ, ಎಸಿಎಲ್ ಅಂತಾರಲ್ಲ, ಅದು ಹರಿಯುವುದು ಹೆಚ್ಚಾಗಿ ಮಂಡಿ ಹೀಗೆ ಒಳಕ್ಕೆ ಕುಸಿದ ಹೊತ್ತಿನಲ್ಲೇ. ಮೈ ನೆರೆದ ಮೇಲೆ ಹುಡುಗಿಯರಲ್ಲಿ ಆ ಅಪಾಯ ಹುಡುಗರಿಗಿಂತ ಜಾಸ್ತಿ. ಇವತ್ತಿನ ಗಂಟಿನ ನೋವಿಗಿಂತ ನನಗೆ ಹೆದರಿಕೆ ಇದ್ದದ್ದು ಇದರದ್ದೇ.

"ಮಂಡಿ ಒಳಗೆ ಬಿಡಬೇಡ" ಅಂದರೆ ಮಕ್ಕಳು ಮಂಡಿಯನ್ನೇ ನೋಡುತ್ತಾ ತಲೆ ಬಗ್ಗಿಸಿ ಇಳಿಯುತ್ತಾರೆ. ಅದರ ಬದಲು ನೆಲದಲ್ಲಿ ಸೀಮೆಸುಣ್ಣದಿಂದ ಎರಡು ಗೆರೆ ಎಳೆದು, "ಮಂಡಿ ಗೆರೆಯ ಮೇಲೇ ಇರಲಿ, ಸದ್ದು ನನಗೆ ಕೇಳಬಾರದು" ಅಂದೆ. ಸದ್ದು ಬಹಳ ಒಳ್ಳೆ ಗುರು. ಧಡ್ ಅಂತ ಬಂದರೆ ಮಂಡಿ ಮಡಚಿಲ್ಲ. ಟಪ್ ಟಪ್ ಅಂತ ಎರಡು ಸಲ ಬಂದರೆ ಒಂದು ಪಾದ ಮೊದಲು ಇಳಿದಿದೆ. ಕಣ್ಣು ಮುಚ್ಚಿಕೊಂಡು ಕೂತರೂ ಯಾರು ಸರಿ ಇಳಿದರು ಅಂತ ಹೇಳಬಹುದು.

ಮುಂದಿನ ಹಂತಕ್ಕೆ ಹೋಗಲು ವಾರ ಎಣಿಸಲಿಲ್ಲ. ಸತತ ಐದು ಇಳಿತದಲ್ಲಿ ಮಂಡಿ ಕುಸಿಯಬಾರದು, ಹೆಜ್ಜೆ ತಪ್ಪಿ ಮುಂದೆ ಇಡಬಾರದು, ಮರುದಿನ ಬೆಳಿಗ್ಗೆ ನೋವು ಏರಿರಬಾರದು. ಇವು ಒಂದೇ ವಾರದ ಎರಡೂ ದಿನ ಸರಿಯಾದರೆ ಮಾತ್ರ ಬಡ್ತಿ. ಅವಳ ಜೊತೆಯವರು ಎರಡು ವಾರದಲ್ಲಿ ದಾಟಿದರು. ಅವಳಿಗೆ ನಾಲ್ಕು ಬೇಕಾಯಿತು. ಎಡಗಾಲಿನ ಪೃಷ್ಠದ ಬಲ ಕಡಿಮೆ ಇತ್ತು. ರಬ್ಬರ್ ಪಟ್ಟಿಯನ್ನು ಮಂಡಿಯ ಮೇಲೆ ಸುತ್ತಿ ಅಡ್ಡ ಹೆಜ್ಜೆ ಹಾಕಿಸುವುದನ್ನು ಸೇರಿಸಿದೆ. ಸೈಕಲ್ ಟ್ಯೂಬ್ ಕತ್ತರಿಸಿದರೂ ಸಾಕು.

ಹಾರಾಟ ಮರಳಿ ಬಂದದ್ದು

ಅಕ್ಟೋಬರ್ ಕೊನೆಗೆ ಮಳೆ ಸಡಿಲವಾಗಿ ಗ್ರೌಂಡ್ ಒಣಗಿತ್ತು. ಹುಲ್ಲು, ಗಟ್ಟಿ ಮಣ್ಣು. ಇದಕ್ಕಿಂತ ಒಳ್ಳೆ ನೆಲ ಬೇಕಿಲ್ಲ. ಮಳೆ ಬಂದ ದಿನಕ್ಕೆ ಕಬಡ್ಡಿ ಮ್ಯಾಟ್ ಇತ್ತು. ಯಾರೋ ದಪ್ಪ ಸ್ಪಂಜಿನ ಹಾಸಿಗೆ ಕೊಡುತ್ತೇನೆ ಅಂದರು, ಬೇಡ ಅಂದೆ. ಹೂತುಹೋಗುವ ನೆಲದಲ್ಲಿ ಪಾದ ತಿರುಚುತ್ತದೆ. ಬೇಗ ಒದೆಯುವ ಅಭ್ಯಾಸಕ್ಕೂ ಅದು ಸಲ್ಲದು.

ಮೊದಲು ಕೊಟ್ಟದ್ದು ಮೇಲಕ್ಕೆ ಹತ್ತುವ ಜಂಪ್. ನಿಂತಲ್ಲಿಂದ 30 ಸೆಂಟಿಮೀಟರ್ ಎತ್ತರದ ಗಟ್ಟಿ ಮರದ ಪೆಟ್ಟಿಗೆಯ ಮೇಲೆ ಎರಡೂ ಕಾಲಲ್ಲಿ ಹಾರಿ ನಿಲ್ಲುವುದು. ಹೊಸಬರಿಗೆ ಇದು ಭಯ ಹುಟ್ಟಿಸುತ್ತದೆ. ಆದರೆ ಮಂಡಿಗೆ ಇದು ಹಗುರ. ಪೂರ್ತಿ ಒದ್ದು ಹಾರಿದರೂ ಪೆಟ್ಟಿಗೆ ಮೇಲಿರುವುದರಿಂದ ಬೀಳುವ ದೂರ ಕಡಿಮೆ. ಕೆಳಗೆ ಬರುವಾಗ ಮಾತ್ರ ಹಾರಬಾರದು, ಒಂದೊಂದೇ ಕಾಲಿಟ್ಟು ಇಳಿಯಬೇಕು. ಮಕ್ಕಳು ಮರೆಯುವುದು ಇದನ್ನೇ. ಮಂಡಿಯನ್ನು ಎದೆಗೆ ಎಳೆದುಕೊಂಡು ಹತ್ತುವಷ್ಟು ಎತ್ತರದ ಪೆಟ್ಟಿಗೆ ಇಡಬಾರದು. ಅದರಿಂದ ಮಂಡಿ ಮಡಚುವ ಚುರುಕು ಬೆಳೆಯುತ್ತದೆ, ಹಾರುವ ಎತ್ತರ ಬೆಳೆಯುವುದಿಲ್ಲ. ತಪ್ಪಿದರೆ ಮುಂಗಾಲಿನ ಚರ್ಮ ಹೋಗುತ್ತದೆ.

ಆಮೇಲೆ ನೆಲದಿಂದ ನೆಲಕ್ಕೆ. ನಿಂತಲ್ಲೇ ಹಾರಿ ಇಳಿದು ಎರಡು ಎಣಿಸುವಷ್ಟು ನಿಲ್ಲುವುದು, ಮುಂದಕ್ಕೆ ಹಾರಿ ನಿಲ್ಲುವುದು, ಪಕ್ಕಕ್ಕೆ ಹಾರಿ ನಿಲ್ಲುವುದು. ದಿನಕ್ಕೆ 50ರ ಆಸುಪಾಸು. ನವೆಂಬರ್ ಕೊನೆಗೆ ಮೊದಲ ಸಲ ಪುಟಿಯುವ ಜಂಪ್ ಬಂತು. ಮಂಡಿ ಹೆಚ್ಚು ಮಡಚದೆ, ಪಾದದ ಗಂಟಿನಿಂದ ಚೆಂಡಿನ ಹಾಗೆ ಪುಟಿಯುವುದು, ಹತ್ತು ಹತ್ತರ ಎರಡು ಸುತ್ತು.

ಇಲ್ಲಿ ಮಕ್ಕಳಿಗೆ ಗೊಂದಲವಾಯಿತು. "ಇಷ್ಟು ದಿನ ಮೆತ್ತಗೆ ಇಳಿ ಅಂದ್ರಿ, ಈಗ ಮಂಡಿ ಮಡಚಬೇಡ ಅಂತೀರಿ" ಅಂದಳು ಅವಳೇ. ಪ್ರಶ್ನೆ ಸರಿಯಾದದ್ದೇ. ಇಳಿಯುವುದರಲ್ಲಿ ಎರಡು ಬಗೆ. ಆಟ ಅಲ್ಲಿಗೆ ನಿಲ್ಲುವುದಾದರೆ, ಅಂದರೆ ಸ್ಮ್ಯಾಷ್ ಹೊಡೆದು ಬಂದಾಗ, ಆಳವಾಗಿ ಮಡಚಿ ಪೆಟ್ಟನ್ನು ನುಂಗಬೇಕು. ತಕ್ಷಣ ಮತ್ತೆ ಹಾರುವುದಾದರೆ, ಅಂದರೆ ಬ್ಲಾಕ್‌ಗೆ ಹಾರಿ ಚೆಂಡು ಸಿಗದೆ ಎರಡನೇ ಸಲ ಏಳಬೇಕಾದಾಗ, ಕಡಿಮೆ ಮಡಚಿ ಬೇಗ ಒದೆಯಬೇಕು. ಆದರೆ ಎರಡರಲ್ಲೂ ಮಂಡಿ ಗೆರೆಯ ಮೇಲೇ. ಎಷ್ಟೋ ಕಡೆ ಮೆತ್ತಗೆ ಇಳಿಯುವುದನ್ನು ಮಾತ್ರ ಕಲಿಸಿ ಬಿಟ್ಟುಬಿಡುತ್ತಾರೆ. ಆ ಮಕ್ಕಳು ಸುರಕ್ಷಿತವಾಗಿ ಇಳಿಯುತ್ತಾರೆ, ಎರಡನೇ ಬ್ಲಾಕ್‌ಗೆ ಮಾತ್ರ ಏಳುವುದಿಲ್ಲ.

ಪುಟಿಯುವುದು ಸರಿಯಾದ ಮೇಲೆ 15 ಸೆಂಟಿಮೀಟರ್ ಎತ್ತರದಲ್ಲಿ ಕಾಫಿ ರೆಂಬೆಯ ಕೋಲುಗಳನ್ನು ಇಟ್ಟು, ಐದನ್ನು ಸಾಲಾಗಿ ದಾಟಿಸಿದೆ. ಕೋಲು ಸಡಿಲವಾಗಿರಬೇಕು, ತಾಗಿದರೆ ಉರುಳಬೇಕು. ಕಟ್ಟಿಬಿಟ್ಟರೆ ಮುಗ್ಗರಿಸಿ ಬೀಳುತ್ತಾರೆ. ದಿನದ ಲೆಕ್ಕ 60ರಿಂದ 70ಕ್ಕೆ ಏರಿತು. ಅದಕ್ಕಿಂತ ಮೇಲೆ ಹೋಗಲೇ ಇಲ್ಲ. ಎತ್ತರ ಹೆಚ್ಚಿಸಿದ ವಾರ ಎಣಿಕೆ ಇಳಿಸುತ್ತಿದ್ದೆ. ಎರಡನ್ನೂ ಒಟ್ಟಿಗೆ ಏರಿಸುವುದಿಲ್ಲ.

ಆ ಒಂದು ಮೀಟರ್ ಕಟ್ಟೆ ಏನಾಯಿತು? ಎತ್ತರದಿಂದ ಬಿದ್ದು ತಕ್ಷಣ ಹಾರುವ ವ್ಯಾಯಾಮ ಸುಳ್ಳಲ್ಲ. 1960ರ ದಶಕದಲ್ಲಿ ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್‌ಸ್ಕಿ ಅದನ್ನು ರೂಪಿಸಿದ್ದು. ಆದರೆ ಅದು ವರ್ಷಗಟ್ಟಲೆ ಭಾರ ಎತ್ತಿ ಪಳಗಿದ ದೊಡ್ಡ ಅಥ್ಲೀಟ್‌ಗಳಿಗಾಗಿ. ಎತ್ತರ ಹೆಚ್ಚಾಗಿದೆ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಬಿದ್ದಾಗ ಹಿಮ್ಮಡಿ ನೆಲಕ್ಕೆ ಅಪ್ಪಳಿಸಿದರೆ, ನೆಲದಲ್ಲಿ ಅಂಟಿಕೊಂಡಂತೆ ನಿಂತು ಆಮೇಲೆ ಎದ್ದರೆ, ನಿಂತಲ್ಲಿಂದ ಹಾರುವುದಕ್ಕಿಂತ ಕಡಿಮೆ ಹಾರಿದರೆ, ಆ ಎತ್ತರ ಆ ಮಗುವಿಗೆ ಹೆಚ್ಚು. ಹುಡುಗರ ಪೈಕಿ ಒಬ್ಬನನ್ನೇ ಕರೆದು ಆ ಕಟ್ಟೆಯ ಮೇಲಿಂದ ಹಾರಿಸಿ ವಿಡಿಯೊ ತೋರಿಸಿದೆ. ನಿಂತಲ್ಲಿಂದ ಹಾರಿದ್ದೇ ಮೇಲಿತ್ತು. ಅವನಿಗೆ ನಗು ಬಂತು. ಕಟ್ಟೆ ಅಲ್ಲಿಗೆ ನಿಂತಿತು.

ನೆಟ್‌ನ ಹತ್ತಿರ ಮತ್ತೆ ಎಡಗಾಲು

ಡಿಸೆಂಬರ್ ಹೊತ್ತಿಗೆ ಮೆಟ್ಟಿಲು, ಪೆಟ್ಟಿಗೆ, ಕೋಲು ಎಲ್ಲದರಲ್ಲೂ ಅವಳ ಇಳಿತ ತಂಡಕ್ಕೇ ಮಾದರಿ. ಸ್ಮ್ಯಾಷ್ ಶುರು ಮಾಡಿಸಿದೆವು, ದಿನಕ್ಕೆ ಇಪ್ಪತ್ತೇ. ಫೋನ್ ಇಟ್ಟು ನೋಡಿದರೆ ಇಪ್ಪತ್ತರಲ್ಲಿ ಹದಿನಾಲ್ಕು ಸಲ ಎಡಗಾಲೊಂದರ ಮೇಲೆ ಇಳಿದಿದ್ದಳು! ಬಲಗಾಲು ಗಾಳಿಯಲ್ಲೇ ಇದೆ. ಮಂಡಿ ಅದೇ ಹಳೆಯ ಕುಸಿತ.

ಬಲಗೈಯಲ್ಲಿ ಹೊಡೆಯುವವರು ಎಡಗಾಲಿನ ಮೇಲೆ ಇಳಿಯುವುದು ವಾಲಿಬಾಲ್‌ನಲ್ಲಿ ಮಾಮೂಲಿ. ಹೊಡೆಯುವಾಗ ಮೈ ಎಡಕ್ಕೆ ತಿರುಗುತ್ತದೆ, ವಾಲುತ್ತದೆ, ಎಡಗಾಲು ಮೊದಲು ಕೆಳಗೆ ಬರುತ್ತದೆ. ಆದರೆ ಇಷ್ಟೊಂದು ಸಲ ಯಾಕೆ? ಕಾಲನ್ನು ಬಿಟ್ಟು ಚೆಂಡನ್ನು ನೋಡಿದಾಗ ತಿಳಿಯಿತು. ಹೊಡೆಯಲು ಚೆಂಡು ಎತ್ತಿಕೊಡುವ ನಮ್ಮ ಲಿಫ್ಟರ್ ಹುಡುಗಿ ಚೆಂಡನ್ನು ಇನ್ನೂ ಕೈಯಿಂದ ಬಿಡುವ ಮೊದಲೇ ಇವಳು ಓಟ ಶುರು ಮಾಡುತ್ತಿದ್ದಳು. ಚೆಂಡಿನ ಕೆಳಗೇ ಹೋಗಿಬಿಡುತ್ತಿದ್ದಳು. ಹಾರಿದಾಗ ಚೆಂಡು ಬಲ ಭುಜದ ಮುಂದೆ ಇರುವ ಬದಲು ತಲೆಯ ಮೇಲೆ, ಎಡ ಭುಜದ ಕಡೆ ಇರುತ್ತಿತ್ತು. ಅಲ್ಲಿಗೆ ಕೈ ಎಟುಕಬೇಕಾದರೆ ಮೈಯನ್ನು ಎಡಕ್ಕೆ ಬಗ್ಗಿಸಲೇಬೇಕು. ಹಾಗೆ ಬಗ್ಗಿದ ಮೈ ಎರಡು ಕಾಲಿನ ಮೇಲೆ ಇಳಿಯಲು ಸಾಧ್ಯವೇ ಇಲ್ಲ. ಮೆಟ್ಟಿಲಿನ ಪಾಠವನ್ನು ಅವಳು ಮರೆತಿರಲಿಲ್ಲ. ಚೆಂಡು ಅವಳಿಗೆ ಆ ಅವಕಾಶವನ್ನೇ ಕೊಡುತ್ತಿರಲಿಲ್ಲ.

ಹಾಗಾಗಿ ಮದ್ದು ಮಂಡಿಗೆ ಹಾಕಲಿಲ್ಲ, ಓಟಕ್ಕೆ ಹಾಕಿದೆವು. ಲಿಫ್ಟ್ ಬದಲು ನಾನೇ ಒಂದೇ ಜಾಗಕ್ಕೆ, ಒಂದೇ ಎತ್ತರಕ್ಕೆ ಚೆಂಡು ಎಸೆದೆ. "ಚೆಂಡು ಮೇಲೆ ಹೋಗಿ ನಿಂತಿತು ಅನ್ನುವಾಗ ಹೊರಡು" ಅಂದೆ. ಕೊನೆಯ ಎರಡು ಹೆಜ್ಜೆಯಲ್ಲಿ ಮೊದಲನೆಯದು ಉದ್ದ, ಎರಡನೆಯದು ಬೇಗ. ಬಲಗಾಲು, ತಕ್ಷಣ ಎಡಗಾಲು, ಎರಡೂ ಕೈ ಹಿಂದಿನಿಂದ ಮೇಲಕ್ಕೆ. ಕೊನೆಯ ಎರಡು ಪಾದ ಎಲ್ಲಿ ಬೀಳಬೇಕು ಅಂತ ಸುಣ್ಣದಲ್ಲಿ ಗುರುತು ಹಾಕಿದೆ. ಮೊದಲು ಚೆಂಡಿಲ್ಲದೆ, ಆಮೇಲೆ ಎಸೆದ ಚೆಂಡು, ಕೊನೆಗೆ ಲಿಫ್ಟರ್.

ತಡವಾಗಿ ಹೊರಡುವುದು ಅವಳಿಗೆ ಬಹಳ ಕಷ್ಟವಾಯಿತು. ಹೊಡೆತ ತಪ್ಪಿತು, ನೆಟ್‌ಗೆ ಬಿತ್ತು, ಸಿಟ್ಟು ಬಂತು. ಒಂದೆರಡು ವಾರ ಆಟ ಕೆಟ್ಟೇಹೋಯಿತು ಅನ್ನಿಸಿತು. ಜನವರಿ ಕೊನೆಗೆ ಅದೇ ಇಪ್ಪತ್ತರಲ್ಲಿ ಎಡಗಾಲೊಂದರ ಇಳಿತ ಐದಕ್ಕೆ ಬಂತು. ಸೊನ್ನೆ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಪಂದ್ಯದಲ್ಲಿ ಲಿಫ್ಟ್ ಎಲ್ಲೆಲ್ಲೋ ಬರುತ್ತದೆ. ಅದಕ್ಕೇ ಒಂಟಿ ಕಾಲಿನ ಇಳಿತವನ್ನೂ ಕಲಿಸಿದೆ. ಹತ್ತು ಹನ್ನೆರಡು ಸೆಂಟಿಮೀಟರ್ ಎತ್ತರದಿಂದ, ಪ್ರತಿ ಕಾಲಿಗೆ ಐದೈದು, ಅಷ್ಟೇ. ನೆಟ್‌ಗೆ ತೀರ ಹತ್ತಿರ ಇಳಿಯದಂತೆ ಹೇಳಿಕೊಟ್ಟದ್ದೂ ಇದೇ ಹೊತ್ತಿಗೆ. ವಾಲಿಬಾಲ್‌ನಲ್ಲಿ ಪಾದದ ಗಂಟು ಉಳುಕುವುದು ಹೆಚ್ಚಾಗಿ ನಡುಗೆರೆಯ ಹತ್ತಿರ ಇನ್ನೊಬ್ಬರ ಪಾದದ ಮೇಲೆ ಇಳಿದಾಗ.

ಅಷ್ಟರಲ್ಲಿ ಕಾಫಿ ಕೊಯ್ಲು ಜೋರಾಗಿ ಕಣವೆಲ್ಲ ಹಣ್ಣಿನಿಂದ ತುಂಬಿತ್ತು. ಸಿಮೆಂಟಿನ ಮೇಲೆ ಆಡುವ ಪ್ರಶ್ನೆಯೇ ಉಳಿಯಲಿಲ್ಲ. ಕೊಯ್ಲಿನ ದಿನ ಅಪ್ಪ ಅಮ್ಮನ ಜೊತೆ ತೋಟಕ್ಕೆ ಹೋಗಿ ಬಂದ ಮಕ್ಕಳಿಗೆ ಅವತ್ತು ಜಂಪ್ ಇಲ್ಲ ಅಂತ ನಿಯಮ ಮಾಡಿದೆ. ಇಳಿಜಾರಿನಲ್ಲಿ ದಿನವಿಡೀ ಓಡಾಡಿದ ಕಾಲು ಅದು.

ಅಳತೆ

ಗೋಡೆಗೆ ಪಕ್ಕ ನಿಂತು ಕೈ ಎತ್ತಿ ಸುಣ್ಣದ ಗುರುತು, ಹಾರಿ ಇನ್ನೊಂದು ಗುರುತು. ಮೂರರಲ್ಲಿ ಒಳ್ಳೆಯದನ್ನು ಹಿಡಿದರೆ ಅಕ್ಟೋಬರ್‌ನಲ್ಲಿ 27 ಸೆಂಟಿಮೀಟರ್, ಫೆಬ್ರವರಿಯಲ್ಲಿ 31. ಪ್ರತಿ ಸಲ ನಿಂತ ಗುರುತನ್ನು ಹೊಸದಾಗಿ ಹಾಕಿಸಿದೆ. ಹಳೆಯ ಗುರುತಿನಿಂದಲೇ ಅಳೆದಿದ್ದರೆ ಬೆಳೆದ ಎತ್ತರವೂ ಜಂಪ್‌ನ ಲೆಕ್ಕಕ್ಕೆ ಸೇರಿ ಏಳೆಂಟು ಸೆಂಟಿಮೀಟರ್ ಬಂದಂತೆ ಕಾಣುತ್ತಿತ್ತು. ಮಕ್ಕಳ ಜಂಪ್ ಹೆಚ್ಚಿತು ಅಂತ ಹೇಳುವ ಎಷ್ಟೋ ಅಂಕಿಗಳಲ್ಲಿ ಈ ಮೋಸ ಇರುತ್ತದೆ. ಆ ನಾಲ್ಕರಲ್ಲೂ ಎಲ್ಲವೂ ತರಬೇತಿಯದ್ದೇ ಅಂತ ನಾನು ಹೇಳುವುದಿಲ್ಲ. ನೋವು ಹೋದದ್ದರದ್ದೂ ಪಾಲಿದೆ, ವಯಸ್ಸಿನದ್ದೂ ಇದೆ.

ಹಾರಿದರೆ ಎತ್ತರ ಬೆಳೆಯುತ್ತಾಳಾ ಅಂತ ಅಮ್ಮ ಕೇಳಿದರು. ಇಲ್ಲ. ಹಾರಿದರೆ ಬೆಳವಣಿಗೆ ನಿಲ್ಲುತ್ತದಾ ಅಂತ ಅಜ್ಜಿ ಕೇಳಿದರು. ಲೆಕ್ಕದಲ್ಲಿ ಹಾರಿದರೆ ಅದೂ ಇಲ್ಲ.

ಗಂಟು ಹಾಗೇ ಇದೆ. ಒತ್ತಿದರೆ ಸ್ವಲ್ಪ ನೋಯುತ್ತದೆ, ಆಡುವಾಗ ಇಲ್ಲ. ಈಗ ಅವಳ ವಾರದ ಲೆಕ್ಕದಲ್ಲಿ ಜಂಪ್ ಅಭ್ಯಾಸ, ಸ್ಮ್ಯಾಷ್, ಬ್ಲಾಕ್, ಭಾನುವಾರದ ಆಟ ಎಲ್ಲ ಒಂದೇ ಪುಟದಲ್ಲಿ ಇರುತ್ತವೆ. ಭಾನುವಾರ ಜಾಸ್ತಿ ಆಡಿದ್ದರೆ ಮಂಗಳವಾರದ ಜಂಪ್‌ನಿಂದ ಅಷ್ಟು ಕಳೆಯುತ್ತೇವೆ. ಮಾರ್ಚ್‌ನಲ್ಲಿ ಅಳೆದಾಗ ಎರಡು ತಿಂಗಳಲ್ಲಿ ಮತ್ತೆ ಎರಡು ಸೆಂಟಿಮೀಟರ್ ಬೆಳೆದಿದ್ದಳು. ಒಂಟಿ ಕಾಲಿನ ಇಳಿತದಲ್ಲಿ ಎಡ ಮಂಡಿ ಒಮ್ಮೊಮ್ಮೆ ಒಳಕ್ಕೆ ಹೋಗುತ್ತಿತ್ತು. ಕೋಲು ದಾಟುವುದನ್ನು ಸದ್ಯಕ್ಕೆ ನಿಲ್ಲಿಸಿ ಮತ್ತೆ ಜಗಲಿ ಮೆಟ್ಟಿಲಿಗೆ ಬಂದಿದ್ದೇವೆ. ಮೂರು ವಾರ ಬಿಟ್ಟು ಮತ್ತೆ ವಿಡಿಯೊ ತೆಗೆಯುವುದು, ಮಂಡಿ ಗೆರೆಯ ಮೇಲೆ ನಿಂತರೆ ಕೋಲು ವಾಪಸ್.